ಮೊಟ್ಟೆ ಸಿಪ್ಪೆ ಕಟ್ಟೋದು ರಾತ್ರಿ: ಲೇಯರ್ ಕೋಳಿಗೆ ಸುಣ್ಣ, ಗ್ರಿಟ್, ಫೀಡ್ ಕೊಡುವ ಕ್ರಮ

ಏಪ್ರಿಲ್ ಕೊನೆಯ ವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಮೊಟ್ಟೆ ಆರಿಸಲು ಶೆಡ್ಡಿಗೆ ಹೋದರೆ, ಟ್ರೇಯಲ್ಲಿ ಇಡುವಾಗಲೇ ಮೊಟ್ಟೆಯೊಂದು ಹೆಬ್ಬೆರಳಿಗೆ ಒಳಗೆ ಕುಸಿಯಿತು. ಒತ್ತಿ ಹಿಡಿದಿರಲಿಲ್ಲ, ಸುಮ್ಮನೆ ಎತ್ತಿದ್ದಷ್ಟೆ. ಕೇಜಿನ ಕೆಳಗೆ ಬಗ್ಗಿ ನೋಡಿದರೆ ಹಿಕ್ಕೆಯ ಮೇಲೆ ಅಲ್ಲಲ್ಲಿ ಹಳದಿ ಚೆಲ್ಲಿತ್ತು, ಎರಡು ಕಡೆ ಸಿಪ್ಪೆಯೇ ಇಲ್ಲದ ತೊಗಲುಮೊಟ್ಟೆ ಬಿದ್ದಿತ್ತು. ದಾವಣಗೆರೆ ಕಡೆಯ ನಮ್ಮ ಶೆಡ್ಡಿನಲ್ಲಿ ಆಗ ಬಿವಿ-300 ತಳಿಯ 500 ಹೇಂಟೆಗಳಿದ್ದವು. ವಯಸ್ಸು 58 ವಾರ. ದಿನಕ್ಕೆ 400ರ ಸುಮಾರು ಮೊಟ್ಟೆ ಬರುತ್ತಿತ್ತು. ಮಾಮೂಲಿಗೆ ಏಳೆಂಟು ಒಡಕು ಬರುತ್ತಿದ್ದ ಕಡೆ ಆ ವಾರ 30 ದಾಟಿತ್ತು. ಒಡಕು ಮೊಟ್ಟೆ ಬೇಕರಿಗೆ ಅರ್ಧ ಬೆಲೆಗೆ ಹೋಗುತ್ತದೆ. ಕೇಜಿನಿಂದ ಕೆಳಗೆ ಬಿದ್ದದ್ದು ಅದಕ್ಕೂ ಇಲ್ಲ.

ಯಾರಾದರೂ ಮಾಡುವುದನ್ನೇ ನಾನೂ ಮಾಡಿದೆ. ಸಿಪ್ಪೆ ತೆಳ್ಳಗಾಗಿದೆ ಅಂದರೆ ಸುಣ್ಣ ಸಾಲುತ್ತಿಲ್ಲ ಎಂದುಕೊಂಡು ಕ್ವಿಂಟಲ್ ಫೀಡಿಗೆ ಒಂದೂವರೆ ಕಿಲೋ ಸುಣ್ಣದ ಕಲ್ಲಿನ ಪುಡಿ ಹೆಚ್ಚಿಗೆ ಹಾಕಿಸಿದೆ. ಹತ್ತು ದಿನ ಕಳೆದರೂ ಒಡಕು ಇಳಿಯಲಿಲ್ಲ. ಮೇಲಾಗಿ ಮೊಟ್ಟೆಯ ತೂಕವೂ ಇಳಿಯತೊಡಗಿತು. ಯಾಕೆ ಹೀಗಾಯಿತು, ಆಮೇಲೆ ಹೇಗೆ ಸರಿಪಡಿಸಿದೆ ಅನ್ನುವುದನ್ನು ಹಂತ ಹಂತವಾಗಿ ಬರೆಯುತ್ತೇನೆ. ನಿಮ್ಮಲ್ಲಿ 50 ಕೋಳಿ ಇರಲಿ, 5,000 ಇರಲಿ, ಲೆಕ್ಕದ ದಾರಿ ಒಂದೇ.

ಮೊದಲು ಗೊತ್ತಿರಬೇಕಾದ್ದು: ಹೇಂಟೆಯ ದಿನಚರಿ

ಬೆಳಿಗ್ಗೆ ಎಂಟು ಗಂಟೆಗೆ ಹೇಂಟೆ ಮೊಟ್ಟೆ ಇಟ್ಟಿತು ಅನ್ನಿ. ಅರ್ಧ ಗಂಟೆಯೊಳಗೆ ಮುಂದಿನ ಹಳದಿ ಅಂಡಾಶಯದಿಂದ ಬಿಡುಗಡೆಯಾಗುತ್ತದೆ. ಅದರ ಸುತ್ತ ಬಿಳಿಭಾಗ ಮತ್ತು ಪೊರೆ ಸುತ್ತಿಕೊಳ್ಳಲು ನಾಲ್ಕೈದು ಗಂಟೆ ಬೇಕು. ಮಧ್ಯಾಹ್ನ ಒಂದರ ಸುಮಾರಿಗೆ ಮೊಟ್ಟೆ ಗರ್ಭಕೋಶಕ್ಕೆ, ಅಂದರೆ ಸಿಪ್ಪೆ ಕಟ್ಟುವ ಜಾಗಕ್ಕೆ ಇಳಿಯುತ್ತದೆ. ಅಲ್ಲಿ ಮೊದಲ ಕೆಲವು ಗಂಟೆ ನೀರು ಹೀರಿ ಉಬ್ಬುವ ಕೆಲಸ. ಸಿಪ್ಪೆ ಜೋರಾಗಿ ಕಟ್ಟಲು ಶುರುವಾಗುವುದು ಸಂಜೆ ಆರರ ನಂತರ, ಮುಗಿಯುವುದು ಬೆಳಗಿನ ಜಾವಕ್ಕೆ.

ಅಂದರೆ ಸುಣ್ಣದ ಅಗತ್ಯ ಹೆಚ್ಚಿರುವ ಹೊತ್ತಿನಲ್ಲೇ ಲೈಟು ಆರಿರುತ್ತದೆ, ಕೋಳಿ ಕಣ್ಣು ಮುಚ್ಚಿ ಕೂತಿರುತ್ತದೆ, ತಿನ್ನುವುದಿಲ್ಲ. 55 ಗ್ರಾಂ ಮೊಟ್ಟೆಯ ಸಿಪ್ಪೆ ಐದು ಗ್ರಾಂಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಅದರಲ್ಲಿ ಶುದ್ಧ ಕ್ಯಾಲ್ಸಿಯಂ ಎರಡು ಗ್ರಾಂ. ತಿಂದ ಕ್ಯಾಲ್ಸಿಯಂನಲ್ಲಿ ಮೈಗೆ ಹತ್ತುವುದು ಸರಿಸುಮಾರು ಅರ್ಧ. ಹಾಗಾಗಿ ದಿನಕ್ಕೆ ನಾಲ್ಕು ಗ್ರಾಂ ಒಳಗೆ ಹೋಗಬೇಕು. ವಯಸ್ಸಾದಂತೆ ಹೀರುವ ಶಕ್ತಿ ಕುಂದುವುದರಿಂದ 50 ವಾರ ದಾಟಿದ ಮೇಲೆ 4.2 ಗ್ರಾಂ ಅಥವಾ ಅದಕ್ಕಿಂತ ತುಸು ಹೆಚ್ಚು ಬೇಕಾಗುತ್ತದೆ.

ರಾತ್ರಿ ಕರುಳಿನಲ್ಲಿ ಸುಣ್ಣ ಮುಗಿದರೆ ಹೇಂಟೆ ತನ್ನ ತೊಡೆಮೂಳೆ, ಕಾಲುಮೂಳೆಗಳ ಒಳಗಿನ ದಾಸ್ತಾನಿನಿಂದ ತೆಗೆದು ಕೊಡುತ್ತದೆ. ಆ ದಾಸ್ತಾನು ಇರುವುದೇ ಅದಕ್ಕೆ, ಹಗಲು ಮತ್ತೆ ತುಂಬಿಕೊಳ್ಳುತ್ತದೆ. ಆದರೆ ದಿನಾ ರಾತ್ರಿ ಎರಡು ಗಂಟೆಗೇ ಕರುಳು ಖಾಲಿಯಾಗುತ್ತಿದ್ದರೆ ತೆಗೆಯುವುದು ಹೆಚ್ಚು, ತುಂಬುವುದು ಕಡಿಮೆ ಆಗುತ್ತದೆ. ಮೊದಲು ಸಿಪ್ಪೆ ತೆಳ್ಳಗಾಗುತ್ತದೆ. ಆಮೇಲೆ ಚೆನ್ನಾಗಿ ಮೊಟ್ಟೆ ಇಡುತ್ತಿದ್ದ ಕೋಳಿಯೇ ಒಂದು ಬೆಳಿಗ್ಗೆ ಕಾಲು ಚಾಚಿ ಕೇಜಿನಲ್ಲಿ ಮಲಗಿರುತ್ತದೆ. ಹಾಗೆ ಮಲಗಿದ ಕೋಳಿಯನ್ನು ಕೂಡಲೇ ಹೊರತೆಗೆದು ನೆಲದ ಮೇಲೆ ಬಿಟ್ಟು, ನೀರು ಮತ್ತು ಗ್ರಿಟ್, ಅಂದರೆ ಸುಣ್ಣದ ಕಾಳು, ಮುಂದಿಟ್ಟರೆ ಕೆಲವು ಎದ್ದು ನಿಲ್ಲುತ್ತವೆ.

ಮೊದಲ ಹೆಜ್ಜೆ: ತೂಗಿ, ಬರೆದಿಡಿ

ಯಾವ ಬದಲಾವಣೆಗೂ ಮುಂಚೆ ಮೂರು ಸಂಖ್ಯೆ ಕೈಯಲ್ಲಿರಬೇಕು: ಒಂದು ಕೋಳಿ ದಿನಕ್ಕೆ ತಿನ್ನುವ ಫೀಡ್ ಎಷ್ಟು ಗ್ರಾಂ, ಮೊಟ್ಟೆಯ ಸರಾಸರಿ ತೂಕ ಎಷ್ಟು, ಮೊಟ್ಟೆಯ ತೂಕದಲ್ಲಿ ಸಿಪ್ಪೆಯ ಪಾಲು ಎಷ್ಟು.

ಫೀಡಿನ ಲೆಕ್ಕ ಸುಲಭ. ಮೂರು ದಿನ ಹಾಕಿದ ಫೀಡನ್ನು ತೂಗಿ, ಕೊನೆಯಲ್ಲಿ ತೊಟ್ಟಿಯಲ್ಲಿ ಉಳಿದದ್ದನ್ನು ಕಳೆದು, ಕೋಳಿಗಳ ಸಂಖ್ಯೆಯಿಂದಲೂ ಮೂರರಿಂದಲೂ ಭಾಗಿಸಿ. ಮೊಟ್ಟೆಗೆ ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು, ಅದೇ ಹೊತ್ತಿಗೆ, ಶೆಡ್ಡಿನ ಬೇರೆ ಬೇರೆ ಸಾಲುಗಳಿಂದ 30 ಮೊಟ್ಟೆಯ ಒಂದು ಟ್ರೇ ಆರಿಸಿ ತೂಗಿ. ಖಾಲಿ ಟ್ರೇಯ ತೂಕ ಕಳೆಯುವುದನ್ನು ಮರೆಯಬೇಡಿ. ಕಣ್ಣಳತೆಯನ್ನು ನಂಬಬೇಡಿ. ಎರಡು ಗ್ರಾಂ ಇಳಿದದ್ದು ಕಣ್ಣಿಗೆ ಕಾಣುವುದಿಲ್ಲ, ಕಾಣುವಷ್ಟು ಇಳಿದಿರುವಾಗ ತಿಂಗಳು ಕಳೆದಿರುತ್ತದೆ.

ಸಿಪ್ಪೆಯ ಪಾಲು ನೋಡಲು ಅದೇ ಟ್ರೇಯಿಂದ ಹತ್ತು ಮೊಟ್ಟೆ ತೂಗಿ, ಒಡೆದು, ಸಿಪ್ಪೆಯ ಒಳಗಿನ ಲೋಳೆ ಹೋಗುವಂತೆ ನೀರಿನಲ್ಲಿ ಜಾಲಿಸಿ. ಒಂದು ದಿನ ಬಿಸಿಲಿಗೆ ಒಣಗಿಸಿ ಅಡುಗೆಮನೆ ತಕ್ಕಡಿಯಲ್ಲಿ ಸಿಪ್ಪೆಗಳನ್ನು ಒಟ್ಟಿಗೆ ತೂಗಿ. ಹತ್ತು ಮೊಟ್ಟೆ 550 ಗ್ರಾಂ ಇದ್ದು ಸಿಪ್ಪೆ 52 ಗ್ರಾಂ ಬಂದರೆ ಶೇ. 9.5, ಚೆನ್ನಾಗಿದೆ. ಶೇ. 9ರಿಂದ ಕೆಳಗೆ ಬಂದರೆ ಎಚ್ಚರವಾಗಬೇಕು, 8.5ರಿಂದ ಕೆಳಗೆ ಬಂದರೆ ಸಾಗಾಟದಲ್ಲಿ ಒಡಕು ಹೆಚ್ಚುವುದು ಖಂಡಿತ. ನನ್ನ ಆ ಏಪ್ರಿಲ್ ಟ್ರೇಯಲ್ಲಿ ಬಂದದ್ದು 8.2.

ಎರಡನೆಯ ಹೆಜ್ಜೆ: ಶೇಕಡಾ ಲೆಕ್ಕವನ್ನು ಗ್ರಾಂಗೆ ತನ್ನಿ

ಫೀಡ್ ಚೀಲದ ಮೇಲೆ ಕ್ಯಾಲ್ಸಿಯಂ ಶೇ. 3.6 ಎಂದು ಬರೆದಿರುತ್ತದೆ. ಕೋಳಿ ದಿನಕ್ಕೆ 110 ಗ್ರಾಂ ತಿಂದಾಗ ಅದು 3.96 ಗ್ರಾಂ ಆಗುತ್ತದೆ, ಸಾಕು. ಬೇಸಿಗೆಯಲ್ಲಿ ನಮ್ಮ ಕೋಳಿ ತಿನ್ನುತ್ತಿದ್ದದ್ದು 96 ಗ್ರಾಂ. ಅದೇ ಶೇ. 3.6ರಲ್ಲಿ ಈಗ ಒಳಗೆ ಹೋಗುವುದು 3.46 ಗ್ರಾಂ. ಫೀಡು ಬದಲಾಗಿಲ್ಲ, ಮಿಲ್ಲಿನವರು ತಪ್ಪು ಮಾಡಿಲ್ಲ, ಆದರೂ ಅರ್ಧ ಗ್ರಾಂ ಕಡಿಮೆ. 58 ವಾರದ ಕೋಳಿಗೆ ಬೇಕಾದ 4.2 ಗ್ರಾಂ ನೋಡಿದರೆ ಮುಕ್ಕಾಲು ಗ್ರಾಂ ಖೋತಾ.

ಒಂದೂವರೆ ಕಿಲೋ ಪುಡಿ ಹೆಚ್ಚಿಸಿದಾಗ ಏನಾಯಿತು? ಸುಣ್ಣದ ಕಲ್ಲಿನಲ್ಲಿ ಶೇ. 38ರಷ್ಟು ಕ್ಯಾಲ್ಸಿಯಂ ಇರುತ್ತದೆ. ಹಾಗಾಗಿ ಫೀಡಿನ ಕ್ಯಾಲ್ಸಿಯಂ ಹೆಚ್ಚುಕಡಿಮೆ 4.17ಕ್ಕೆ ಏರಿತು. ಆದರೆ ಪುಡಿ ಹೆಚ್ಚಾದ ಫೀಡ್ ದೂಳು ದೂಳು, ಕೋಳಿಗೆ ರುಚಿಸುವುದಿಲ್ಲ. ತಿನ್ನುವುದು 92 ಗ್ರಾಂಗೆ ಇಳಿಯಿತು. ಕಾಗದದ ಮೇಲೆ ಕ್ಯಾಲ್ಸಿಯಂ 3.84 ಗ್ರಾಂ ಆಯಿತು, ಮೊದಲಿಗಿಂತ ಮೇಲು. ಆದರೆ ಅದಷ್ಟೂ ನುಣ್ಣನೆಯ ಪುಡಿ. ಪುಡಿ ಬೇಗ ಕರಗುತ್ತದೆ, ಬೇಗ ಕರುಳು ದಾಟಿ ಹೋಗುತ್ತದೆ. ಮಧ್ಯಾಹ್ನ ತಿಂದದ್ದು ನಡುರಾತ್ರಿಗೆ ಉಳಿದಿರುವುದಿಲ್ಲ. ಒಡಕು ಇಳಿಯದೇ ಇದ್ದದ್ದಕ್ಕೆ ಅದು ಕಾರಣ. ಮೊಟ್ಟೆ ಸಣ್ಣದಾದದ್ದಕ್ಕೆ ಕಾರಣ ಬೇರೆ: ಫೀಡ್ ಕಡಿಮೆ ತಿಂದಾಗ ಅದರೊಟ್ಟಿಗೆ ಪ್ರೋಟೀನ್, ಮೆಥಿಯೋನಿನ್ ಎಂಬ ಅಮೈನೊ ಆಮ್ಲ, ಶಕ್ತಿ ಎಲ್ಲವೂ ಕಡಿಮೆಯಾದವು.

ಮೂರನೆಯ ಹೆಜ್ಜೆ: ಪುಡಿ ಎಷ್ಟು, ಕಾಳು ಎಷ್ಟು

ಕೋಳಿಗೆ ಹಲ್ಲಿಲ್ಲ. ಹೊಟ್ಟೆಯಲ್ಲಿ ಗಿಝರ್ಡ್ ಎಂಬ ಗಟ್ಟಿ ಮಾಂಸದ ಚೀಲವಿದೆ, ತಿಂದದ್ದನ್ನು ಅರೆಯುವುದು ಅದೇ. ಎರಡರಿಂದ ನಾಲ್ಕು ಮಿಲಿಮೀಟರ್ ಗಾತ್ರದ ಸುಣ್ಣದ ಕಾಳು ಅಲ್ಲಿ ನಿಂತುಬಿಡುತ್ತದೆ, ರಾತ್ರಿಯಿಡೀ ನಿಧಾನವಾಗಿ ಕರಗುತ್ತಾ ಸಿಪ್ಪೆ ಕಟ್ಟುವ ಹೊತ್ತಿಗೆ ಸರಿಯಾಗಿ ಕ್ಯಾಲ್ಸಿಯಂ ಒದಗಿಸುತ್ತದೆ. ಒಂದು ಮಿಲಿಮೀಟರ್‌ಗಿಂತ ಸಣ್ಣದು ಅಲ್ಲಿ ನಿಲ್ಲುವುದಿಲ್ಲ.

ಮೊಟ್ಟೆ ಶುರುವಾದಾಗ ಅರ್ಧ ಪುಡಿ, ಅರ್ಧ ಕಾಳು ಇಟ್ಟರೆ ಸರಿಹೋಗುತ್ತದೆ. 50 ವಾರ ದಾಟಿದ ಮೇಲೆ ಮೂರರಲ್ಲಿ ಎರಡು ಪಾಲು ಕಾಳು, ಒಂದು ಪಾಲು ಪುಡಿ. ಪೂರ್ತಿ ಕಾಳೇ ಹಾಕಿದರೆ ಹಗಲು ಬೇಗ ಒದಗುವ ಕ್ಯಾಲ್ಸಿಯಂ ಇರುವುದಿಲ್ಲ, ಆದ್ದರಿಂದ ಪುಡಿಯನ್ನು ಪೂರ್ತಿ ಬಿಡಬೇಡಿ.

ಕಾಳು ಎಂದರೆ ಎರಡು ಬಗೆ ಸಿಗುತ್ತದೆ. ಒಂದು ಸುಣ್ಣದ ಕಲ್ಲನ್ನೇ ಒಡೆದು ಜರಡಿ ಹಿಡಿದದ್ದು, ಅಂಗಡಿಯಲ್ಲಿ ಸ್ಟೋನ್ ಗ್ರಿಟ್ ಅನ್ನುತ್ತಾರೆ. ಇನ್ನೊಂದು ಕರಾವಳಿಯ ಕಪ್ಪೆಚಿಪ್ಪನ್ನು ಕುಟ್ಟಿದ್ದು, ಶೆಲ್ ಗ್ರಿಟ್. ಕ್ಯಾಲ್ಸಿಯಂ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ. ಗಾತ್ರ ಸರಿಯಿದ್ದರೆ ಸಿಪ್ಪೆಯ ಮಟ್ಟಿಗೆ ದೊಡ್ಡ ವ್ಯತ್ಯಾಸವೇನೂ ಇಲ್ಲ. ಆದರೆ ಚಿಪ್ಪಿನ ಚೀಲದಲ್ಲಿ ಮರಳು ಸೇರಿಕೊಂಡಿರುವುದು ತೀರಾ ಸಾಮಾನ್ಯ. ಒಮ್ಮೆ ನಾನು ಕೊಂಡ ಚೀಲದಲ್ಲಿ ಐದನೇ ಒಂದು ಪಾಲು ಮರಳಿತ್ತು. ಮರಳಿಗೆ ದುಡ್ಡು ಕೊಟ್ಟದ್ದಕ್ಕಿಂತ, ಲೆಕ್ಕದಲ್ಲಿದ್ದ ಕ್ಯಾಲ್ಸಿಯಂ ಕೋಳಿಯ ಹೊಟ್ಟೆಗೆ ಹೋಗದೇ ಇದ್ದದ್ದು ದೊಡ್ಡ ನಷ್ಟ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಐದು ಗ್ರಾಂ ಗ್ರಿಟ್ಟನ್ನು ಗಾಜಿನ ಬಾಟಲಿಗೆ ಹಾಕಿ 300 ಮಿಲಿ ಬಿಳಿ ವಿನೆಗರ್ ಸುರಿದು, ಮುಚ್ಚಳ ಬಿಗಿ ಮಾಡದೆ ಒಂದು ರಾತ್ರಿ ಬಿಡಿ. ಗಾಳಿ ಬರುತ್ತದೆ, ಬಿಗಿ ಮಾಡಿದರೆ ಬಾಟಲಿ ಸಿಡಿಯಬಹುದು. ಮರುದಿನ ವಿನೆಗರ್ ಬಸಿದು ಹೊಸದು ಹಾಕಿ. ಗುಳ್ಳೆ ಏಳುವುದು ನಿಲ್ಲುವ ತನಕ ಹೀಗೇ ಮಾಡಿ. ಸುಣ್ಣವೆಲ್ಲ ಕರಗಿ ಹೋಗುತ್ತದೆ, ಮರಳು ಮತ್ತು ಮಣ್ಣು ತಳದಲ್ಲಿ ಉಳಿಯುತ್ತದೆ. ತೊಳೆದು ಒಣಗಿಸಿ ತೂಗಿದಾಗ ಒಂದು ಗ್ರಾಂ ಉಳಿದರೆ ಶೇ. 20 ಕಸ. ಕಾಲು ಗ್ರಾಂಗಿಂತ ಹೆಚ್ಚು ಉಳಿಯುವ ಸರಕನ್ನು ನಾನು ಈಗ ಕೊಳ್ಳುವುದಿಲ್ಲ.

ಡಾಲೊಮೈಟ್ ಬಗ್ಗೆಯೂ ಹೇಳಬೇಕು. ನೋಡಲು ಸುಣ್ಣದ ಕಲ್ಲಿನಂತೆಯೇ ಇರುತ್ತದೆ, ಬೆಲೆಯೂ ಕಡಿಮೆ. ಆದರೆ ಅದರಲ್ಲಿ ಮೆಗ್ನೀಷಿಯಂ ತುಂಬಾ ಇರುವುದರಿಂದ ಕೋಳಿಗೆ ನೀರು ನೀರಾಗಿ ಭೇದಿಯಾಗುತ್ತದೆ, ಸಿಪ್ಪೆಯೂ ಕೆಡುತ್ತದೆ. ವಿನೆಗರಿನಲ್ಲಿ ಹಾಕಿದಾಗ ಒಳ್ಳೆಯ ಸುಣ್ಣದ ಕಲ್ಲು ಕೂಡಲೇ ಬುರುಬುರು ಅನ್ನುತ್ತದೆ, ಡಾಲೊಮೈಟ್ ಮಂಕಾಗಿ ಅಲ್ಲೊಂದು ಇಲ್ಲೊಂದು ಗುಳ್ಳೆ ಬಿಡುತ್ತದೆ. ಅನುಮಾನ ಬಂದರೆ ಲ್ಯಾಬಿಗೆ ಕೊಟ್ಟು ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡನ್ನೂ ನೋಡಿಸಿ.

ಫೀಡ್ ಸೂತ್ರ

ನಾನು ಸ್ವಂತಕ್ಕೆ ಮಿಕ್ಸ್ ಮಾಡಿಸುವ 100 ಕಿಲೋ ಲೇಯರ್ ಮ್ಯಾಶ್ ಹೀಗಿದೆ: ಮೆಕ್ಕೆಜೋಳ 57 ಕಿಲೋ, ಸೋಯಾ ಹಿಂಡಿ 24.5, ಎಣ್ಣೆ ತೆಗೆದ ಅಕ್ಕಿ ತೌಡು 7, ಸುಣ್ಣದ ಕಲ್ಲು ಪುಡಿ ಮತ್ತು ಕಾಳು ಸೇರಿ 9.5, ಡಿಸಿಪಿ ಅನ್ನುವ ಡೈಕ್ಯಾಲ್ಸಿಯಂ ಫಾಸ್ಫೇಟ್ 1 ಕಿಲೋ. ಉಪ್ಪು 300 ಗ್ರಾಂ, ಅಡುಗೆ ಸೋಡಾ 100 ಗ್ರಾಂ, ಡಿಎಲ್-ಮೆಥಿಯೋನಿನ್ 150 ಗ್ರಾಂ. ಉಳಿದ 450 ಗ್ರಾಂನಲ್ಲಿ ವಿಟಮಿನ್, ಖನಿಜ ಪ್ರೀಮಿಕ್ಸ್, ಫೈಟೇಸ್, ಕೋಲಿನ್, ಟಾಕ್ಸಿನ್ ಬೈಂಡರ್. ಇದರಲ್ಲಿ ಪ್ರೋಟೀನ್ ಸುಮಾರು ಶೇ. 17, ಕ್ಯಾಲ್ಸಿಯಂ ಶೇ. 3.9ರ ಹತ್ತಿರ ಬರುತ್ತದೆ. ಇದು ಚೆನ್ನಾಗಿ ಮೊಟ್ಟೆ ಇಡುತ್ತಿರುವ ಹಿಂಡಿನ ಸೂತ್ರ. ನಿಮ್ಮ ಕಚ್ಚಾ ಸಾಮಗ್ರಿಯ ಗುಣ ಬೇರೆಯಿದ್ದರೆ ಅಂಕಿಗಳೂ ಬದಲಾಗಬೇಕು. ಸೋಯಾ ಹಿಂಡಿಯ ಪ್ರೋಟೀನನ್ನು ಲ್ಯಾಬಿನಲ್ಲಿ ನೋಡಿಸದೆ ಸೂತ್ರ ಬರೆಯಬೇಡಿ.

ಡಿಸಿಪಿಯಿಂದ ರಂಜಕ ಬರುತ್ತದೆ. ರಂಜಕ ಕಡಿಮೆಯಾದರೆ ಮೂಳೆಯ ದಾಸ್ತಾನು ತುಂಬುವುದಿಲ್ಲ, ಅತಿಯಾದರೆ ಸಿಪ್ಪೆ ಕೆಡುತ್ತದೆ. ಆದ್ದರಿಂದ ಸಿಪ್ಪೆ ತೆಳ್ಳಗಾಯಿತೆಂದು ಡಿಸಿಪಿ ಹೆಚ್ಚಿಸುವುದು ತಪ್ಪು ದಾರಿ. ಇನ್ನು ವಿಟಮಿನ್ ಡಿ3 ಇಲ್ಲದೆ ಎಷ್ಟು ಸುಣ್ಣ ಕೊಟ್ಟರೂ ಕರುಳು ಹೀರುವುದಿಲ್ಲ. ಪ್ರೀಮಿಕ್ಸ್ ಚೀಲದ ತಾರೀಕು ನೋಡಿ. ಬಿಸಿಲು ಬೀಳುವ ತಗಡಿನ ಕೋಣೆಯಲ್ಲಿ ತೆರೆದ ಚೀಲ ಎರಡು ಮೂರು ತಿಂಗಳು ಇಟ್ಟರೆ ಅದರೊಳಗಿನ ವಿಟಮಿನ್ನಿನ ಮೇಲೆ ಭರವಸೆ ಇಡಲಾಗದು.

ಬೆಳೆಯುವ ಪುಲೆಟ್ ಮರಿಗಳಿಗೆ ಮಾತ್ರ ಈ ಫೀಡ್ ಬೇಡ. ಅವಕ್ಕೆ ಕ್ಯಾಲ್ಸಿಯಂ ಶೇ. 1 ಸಾಕು. ಮೊಟ್ಟೆ ಶುರುವಾಗುವ ಎರಡು ವಾರ ಮುಂಚೆ, 16-17 ವಾರದಲ್ಲಿ, ಶೇ. 2ರಿಂದ 2.5 ಇರುವ ಪ್ರೀ-ಲೇಯರ್ ಫೀಡ್ ಕೊಟ್ಟರೆ ಮೂಳೆಯಲ್ಲಿ ದಾಸ್ತಾನು ಕಟ್ಟಿಕೊಳ್ಳುತ್ತದೆ. ಹಿಂಡಿನಲ್ಲಿ ಮೊದಲ ಮೊಟ್ಟೆಗಳು ಕಾಣಿಸಿದ ಕೂಡಲೇ ಲೇಯರ್ ಫೀಡಿಗೆ ಬದಲಿಸಿ. ಮರಿಗಳಿಗೆ ಮುಂಚೆಯೇ ಲೇಯರ್ ಫೀಡ್ ಹಾಕಿದರೆ ಮೂತ್ರಪಿಂಡ ಕೆಟ್ಟು, ಒಳಅಂಗಗಳ ಮೇಲೆ ಬಿಳಿ ಸುಣ್ಣ ಬಳಿದಂತೆ ಕಾಣುವ ಗೌಟ್ ಬಂದು ಸಾಯುತ್ತವೆ.

ನಾಲ್ಕನೆಯ ಹೆಜ್ಜೆ: ಯಾವ ಹೊತ್ತಿಗೆ ಕೊಡಬೇಕು

ನಮ್ಮ ಶೆಡ್ಡಿನಲ್ಲಿ ಹೆಚ್ಚು ಫಲ ಕೊಟ್ಟದ್ದು ಈ ಬದಲಾವಣೆ, ಖರ್ಚೂ ಇದಕ್ಕೇ ಕಡಿಮೆ. ಮೊದಲು ನಾವು ಬೆಳಿಗ್ಗೆ ಏಳಕ್ಕೆ ದಿನದ ಮುಕ್ಕಾಲು ಪಾಲು ಹಾಕಿ, ಸಂಜೆ ತೊಟ್ಟಿ ಒಮ್ಮೆ ಕೆದಕಿ ಬಿಡುತ್ತಿದ್ದೆವು. ಈಗ ಬೆಳಿಗ್ಗೆ ಐದೂವರೆಗೆ, ತಂಪಿನಲ್ಲಿ, ದಿನದ ಶೇ. 40 ಹಾಕುತ್ತೇವೆ. ಮಧ್ಯಾಹ್ನ ಹನ್ನೆರಡರಿಂದ ಮೂರರ ನಡುವೆ ತೊಟ್ಟಿ ಒಂದು ಗಂಟೆ ಖಾಲಿಯಾಗಲು ಬಿಡುತ್ತೇವೆ. ಕೋಳಿ ದಪ್ಪ ಕಾಳನ್ನೇ ಮೊದಲು ಹೆಕ್ಕುತ್ತದೆ. ಪ್ರೀಮಿಕ್ಸ್, ಮೆಥಿಯೋನಿನ್ ಇರುವ ನುಣ್ಣನೆಯ ಪುಡಿ ತೊಟ್ಟಿಯ ತಳದಲ್ಲಿ ಕೂತಿರುತ್ತದೆ. ತೊಟ್ಟಿ ಖಾಲಿಯಾದಾಗ ಅದನ್ನೂ ನೆಕ್ಕುತ್ತದೆ. ಉಳಿದ ಶೇ. 60ನ್ನು ನಾಲ್ಕೂವರೆಯ ನಂತರ ಹಾಕುತ್ತೇವೆ.

ಆ ಸಂಜೆಯ ಫೀಡಿನ ಮೇಲೆಯೇ ಗ್ರಿಟ್ ಉದುರಿಸುತ್ತೇವೆ, ಕೋಳಿಗೆ ಎರಡು ಗ್ರಾಂ. 500 ಕೋಳಿಗೆ ಒಂದು ಕಿಲೋ. ಮಗ್ಗಿನಲ್ಲಿ ತುಂಬಿಕೊಂಡು ತೊಟ್ಟಿಯ ಉದ್ದಕ್ಕೂ ತೆಳ್ಳಗೆ ಬೀಳುವ ಹಾಗೆ ನಡೆದುಕೊಂಡು ಹೋದರೆ ಐದು ನಿಮಿಷದ ಕೆಲಸ. ಎರಡು ಗ್ರಾಂ ಗ್ರಿಟ್‌ನಲ್ಲಿ 0.76 ಗ್ರಾಂ ಕ್ಯಾಲ್ಸಿಯಂ. ಫೀಡಿನಲ್ಲಿ ಹೆಚ್ಚಿಗೆ ಹಾಕಿದ್ದ ಪುಡಿಯನ್ನು ತೆಗೆಸಿದ ಮೇಲೆ ಕೋಳಿಗಳು ಮತ್ತೆ 97 ಗ್ರಾಂ ತಿನ್ನತೊಡಗಿದವು. ಅಂದರೆ ಆಗಿನ ಶೇ. 3.6ರ ಫೀಡಿನಿಂದ 3.49, ಗ್ರಿಟ್‌ನಿಂದ 0.76, ಒಟ್ಟು 4.25 ಗ್ರಾಂ. ಬೇಕಾದಷ್ಟು ಒದಗಿತು, ಅದೂ ಬೇಕಾದ ಹೊತ್ತಿಗೆ.

ಸಂಜೆ ಹೇಂಟೆಗೆ ಸುಣ್ಣದ ಮೇಲೆ ಆಸೆ ಹುಟ್ಟುತ್ತದೆ ಅನ್ನುವುದನ್ನು ಕೇಜಿನ ಮುಂದೆ ಹತ್ತು ನಿಮಿಷ ನಿಂತರೆ ನೀವೇ ನೋಡಬಹುದು. ಬೆಳಿಗ್ಗೆ ಅದೇ ಗ್ರಿಟ್ ಹಾಕಿದರೆ ಕೊಕ್ಕಿನಿಂದ ಪಕ್ಕಕ್ಕೆ ತಳ್ಳುವ ಕೋಳಿ, ಸಂಜೆ ಐದಕ್ಕೆ ಜೋಳದ ನುಚ್ಚು ಬಿಟ್ಟು ಬಿಳಿ ಕಾಳನ್ನೇ ಹುಡುಕಿ ಟಕ್ ಟಕ್ ಅಂತ ಹೆಕ್ಕುತ್ತದೆ. ಒಳಗೆ ಮೊಟ್ಟೆ ಇಲ್ಲದ ಕೋಳಿ ಮಾತ್ರ ಅಷ್ಟು ಆಸಕ್ತಿ ತೋರುವುದಿಲ್ಲ.

ಕಡುಬೇಸಿಗೆಯಲ್ಲಿ ಇನ್ನೊಂದು ಉಪಾಯವಿದೆ. ನಡುರಾತ್ರಿ ಒಂದು ಗಂಟೆ ಕಾಲ ಲೈಟು ಹಾಕಿ ತಣ್ಣನೆಯ ನೀರು ಮತ್ತು ಫೀಡ್ ಕೊಡುವುದು. ಅದರ ಹಿಂದೆ ಮುಂದೆ ಕನಿಷ್ಠ ಮೂರು ಮೂರು ಗಂಟೆ ಕತ್ತಲೆ ಇರಬೇಕು. ಶುರುಮಾಡಿದರೆ ಮಧ್ಯೆ ಬಿಟ್ಟುಬಿಟ್ಟು ಮಾಡಬೇಡಿ, ಬೆಳಕಿನ ಅವಧಿ ಏರುಪೇರಾದರೆ ಮೊಟ್ಟೆ ಇಡುವುದೇ ಏರುಪೇರಾಗುತ್ತದೆ. ಕರೆಂಟ್ ಭರವಸೆ ಇಲ್ಲದ ಕಡೆ ಇದಕ್ಕೆ ಕೈಹಾಕದಿರುವುದೇ ಒಳ್ಳೆಯದು.

ಬಿಸಿಲಿನ ಇನ್ನೊಂದು ತೊಂದರೆಗೆ ಗ್ರಿಟ್ ಮದ್ದಲ್ಲ. ಕೋಳಿ ಬಾಯಿ ತೆರೆದು ಏದುಸಿರು ಬಿಡುವಾಗ ರಕ್ತದಿಂದ ಇಂಗಾಲದ ಡೈ ಆಕ್ಸೈಡ್ ಹೊರಹೋಗುತ್ತದೆ. ಸಿಪ್ಪೆ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕ್ಯಾಲ್ಸಿಯಂ ಇದ್ದರೂ ಕಾರ್ಬೊನೇಟ್ ಕಡಿಮೆಯಾದರೆ ಸಿಪ್ಪೆ ತೆಳ್ಳಗೇ ಆಗುತ್ತದೆ. ಇದಕ್ಕೆ ಬೇಸಿಗೆಯ ಫೀಡಿನಲ್ಲಿ ಉಪ್ಪನ್ನು 300ರಿಂದ 200 ಗ್ರಾಂಗೆ ಇಳಿಸಿ, ಸೋಡಾವನ್ನು 100ರಿಂದ 300 ಗ್ರಾಂಗೆ ಏರಿಸುತ್ತೇವೆ. ಜೊತೆಗೆ ಮಾಡಿನ ಮೇಲೆ ತೆಂಗಿನ ಗರಿ, ಮಧ್ಯಾಹ್ನ ಫಾಗರ್, ನೀರಿನ ಟ್ಯಾಂಕಿಗೆ ನೆರಳು. ಬಿಸಿಲಿಗೆ ಕಾದ ಪೈಪಿನ ನೀರನ್ನು ಕೋಳಿ ಕುಡಿಯುವುದಿಲ್ಲ, ನೀರು ಕುಡಿಯದಿದ್ದರೆ ಫೀಡೂ ತಿನ್ನುವುದಿಲ್ಲ. ಬೋರ್‌ವೆಲ್ ನೀರು ಉಪ್ಪುಪ್ಪಾಗಿದ್ದರೆ ಅದೊಂದರಿಂದಲೇ ಸಿಪ್ಪೆ ಕೆಡಬಹುದು, ಆದ್ದರಿಂದ ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ನೀರಿನ ಪರೀಕ್ಷೆ ಮಾಡಿಸಿ.

ಐದನೆಯ ಹೆಜ್ಜೆ: ಮೊಟ್ಟೆಯ ಗಾತ್ರ ಹಿಡಿದಿಡುವುದು

ಸಿಪ್ಪೆ ಮತ್ತು ಗಾತ್ರ ಒಂದಕ್ಕೊಂದು ಕಟ್ಟಿಕೊಂಡಿವೆ. ಹೇಂಟೆ ದಿನಕ್ಕೆ ಕಟ್ಟಬಲ್ಲ ಸಿಪ್ಪೆ ವಯಸ್ಸಿನ ಜೊತೆ ಹೆಚ್ಚೇನೂ ಏರುವುದಿಲ್ಲ, ಮೊಟ್ಟೆಯ ತೂಕ ಮಾತ್ರ ಏರುತ್ತಾ ಹೋಗುತ್ತದೆ. 50 ಗ್ರಾಂ ಮೊಟ್ಟೆಗೆ 5 ಗ್ರಾಂ ಸಿಪ್ಪೆ ಅಂದರೆ ಶೇ. 10. ಅದೇ ಕೋಳಿ ಮುಂದೆ 60 ಗ್ರಾಂ ಮೊಟ್ಟೆಗೆ 5.2 ಗ್ರಾಂ ಸಿಪ್ಪೆ ಕೊಟ್ಟರೆ 8.7. ರೊಟ್ಟಿಗೆ ಇಟ್ಟ ಹಿಟ್ಟು ಅಷ್ಟೇ ಇದ್ದು ಅಗಲ ಹೆಚ್ಚಾದರೆ ತೆಳ್ಳಗಾಗಲೇಬೇಕು. ಹಾಗಾಗಿ ಶುರುವಿನಲ್ಲಿ ಮೊಟ್ಟೆ ಬೇಗ ದಪ್ಪವಾಗುವಂತೆಯೂ, ಕೊನೆಯಲ್ಲಿ ಅತಿ ದಪ್ಪವಾಗದಂತೆಯೂ ನೋಡಿಕೊಳ್ಳಬೇಕು.

ಶುರುವಿನ ಗಾತ್ರ ನಿರ್ಧಾರವಾಗುವುದು ಪುಲೆಟ್‌ನ ಮೈತೂಕದಿಂದ. ತಳಿಯ ಕೈಪಿಡಿ ಹೇಳುವ ತೂಕ ಬರುವ ಮುಂಚೆ ಲೈಟು ಹೆಚ್ಚಿಸಿ ಮೊಟ್ಟೆಗೆ ಹಚ್ಚಿದರೆ, ಆ ಹಿಂಡು ಬಹಳ ಕಾಲ ಸಣ್ಣ ಮೊಟ್ಟೆಯನ್ನೇ ಕೊಡುತ್ತದೆ. ಆಮೇಲೆ ಫೀಡಿನಿಂದ ಅದನ್ನು ಪೂರ್ತಿ ಸರಿಮಾಡಲು ಆಗುವುದಿಲ್ಲ.

ಆ ನಂತರ ಗಾತ್ರವನ್ನು ಏರಿಸುವ, ಇಳಿಸುವ ಹಿಡಿಗಳು ಎರಡೇ ಅನ್ನಬಹುದು. ಒಂದು ಮೆಥಿಯೋನಿನ್. ಇನ್ನೊಂದು ಮೆಕ್ಕೆಜೋಳ ಮತ್ತು ಎಣ್ಣೆಯಿಂದ ಬರುವ ಲಿನೋಲೆಯಿಕ್ ಆಮ್ಲ. ಮೆಕ್ಕೆಜೋಳದ ಬೆಲೆ ಏರಿದಾಗ ನುಚ್ಚಕ್ಕಿ ಹಾಕಿದವರಿಗೆ ಇದು ಗೊತ್ತಿರುತ್ತದೆ. ಶಕ್ತಿ, ಪ್ರೋಟೀನ್ ಲೆಕ್ಕದಲ್ಲಿ ಎಲ್ಲ ಸರಿಯಿದ್ದರೂ ಮೊಟ್ಟೆ ಸಣ್ಣದಾಗುತ್ತದೆ. ಅಕ್ಕಿಯಲ್ಲಿ ಆ ಆಮ್ಲ ತೀರಾ ಕಡಿಮೆ. ಜೋಳದ ದೊಡ್ಡ ಪಾಲನ್ನು ಅಕ್ಕಿಗೆ ಬದಲಿಸುವುದಾದರೆ ಕ್ವಿಂಟಲ್‌ಗೆ ಒಂದು ಕಿಲೋ ಸೋಯಾ ಎಣ್ಣೆ ಸೇರಿಸಿ.

50-55 ವಾರದ ನಂತರ ಮೊಟ್ಟೆ ತೂಕ ಏರುತ್ತಲೇ ಇದ್ದರೆ ಮೆಥಿಯೋನಿನ್ ಅನ್ನು 150ರಿಂದ 135 ಗ್ರಾಂಗೆ ಇಳಿಸಿ, ಮೂರು ವಾರ ಟ್ರೇ ತೂಗಿ ನೋಡಿ. ಬೇಕಿದ್ದರೆ ಮಾತ್ರ 120ಕ್ಕೆ ಇಳಿಸಿ. ಒಮ್ಮೆಲೇ ಇಳಿಸಿದರೆ ಗಾತ್ರದ ಜೊತೆ ಮೊಟ್ಟೆಯ ಸಂಖ್ಯೆಯೂ ಇಳಿಯುತ್ತದೆ. ಫೀಡ್ ತಿನ್ನುವುದು ಈಗಾಗಲೇ ಕಡಿಮೆಯಾಗಿರುವ ಬೇಸಿಗೆಯಲ್ಲಿ ಇದನ್ನು ಮಾಡಲೇಬೇಡಿ.

ಮೊಟ್ಟೆ ತೂಕ ಇದ್ದಕ್ಕಿದ್ದಂತೆ ಇಳಿದರೆ ಮೊದಲು ನೋಡಬೇಕಾದ್ದು ಫೀಡ್ ಎಷ್ಟು ತಿನ್ನುತ್ತಿವೆ ಅನ್ನುವುದನ್ನು, ಆಮೇಲೆ ನೀರು, ಆಮೇಲೆ ಮೆಕ್ಕೆಜೋಳ. ಮಳೆಗಾಲದಲ್ಲಿ ಹಸಿ ಜೋಳ ಕೊಂಡು ರಾಶಿ ಹಾಕಿದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಬರುತ್ತದೆ. ಅದು ಕೋಳಿಯ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಹಳದಿಗೆ ಬೇಕಾದ ಕೊಬ್ಬು ತಯಾರಾಗುವುದೂ, ವಿಟಮಿನ್ ಡಿ ಕೆಲಸಕ್ಕೆ ಸಿದ್ಧವಾಗುವ ಮೊದಲ ಹಂತ ನಡೆಯುವುದೂ ಅಲ್ಲೇ. ಹಾಗಾಗಿ ಗಾತ್ರ, ಸಿಪ್ಪೆ ಎರಡೂ ಒಟ್ಟಿಗೆ ಕೆಟ್ಟರೆ ನನ್ನ ಮೊದಲ ಅನುಮಾನ ಜೋಳದ ಮೇಲೆ. ತೇವಾಂಶ ಶೇ. 13 ದಾಟಿದ ಜೋಳವನ್ನು ಒಣಗಿಸದೆ ಚೀಲ ಕಟ್ಟಬೇಡಿ.

ಕಲ್ಲಿನ ಗ್ರಿಟ್ ಬೇರೆ, ಸುಣ್ಣದ ಗ್ರಿಟ್ ಬೇರೆ

ಗ್ರಿಟ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತು ಓಡಾಡುತ್ತವೆ. ಸುಣ್ಣದ ಗ್ರಿಟ್ ಕರಗಿ ಹೋಗುತ್ತದೆ, ಅದು ಆಹಾರ. ಗ್ರಾನೈಟ್ ಚೂರಿನ ಗ್ರಿಟ್ ಕರಗುವುದಿಲ್ಲ, ಗಿಝರ್ಡ್‌ನಲ್ಲಿ ನಿಂತು ಕಾಳು ಅರೆಯಲು ನೆರವಾಗುತ್ತದೆ, ಅದು ಬೀಸುವ ಕಲ್ಲು. ಕೇಜಿನಲ್ಲಿದ್ದು ಹಿಟ್ಟಿನಂಥ ಮ್ಯಾಶ್ ತಿನ್ನುವ ಕೋಳಿಗೆ ಬೀಸುವ ಕಲ್ಲು ಬೇಕಿಲ್ಲ, ಅರೆದೇ ಬಂದಿರುತ್ತದೆ.

ಹಿತ್ತಿಲಲ್ಲಿ ಸಾಕುವವರ ಸಂಗತಿ ಹಾಗಲ್ಲ. ನಾಟಿ ಕೋಳಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರಾದಂಥ ಕೋಳಿಗಳು ರಾಗಿ, ಜೋಳ, ಸೊಪ್ಪುಸದೆಯನ್ನು ಇಡಿಯಾಗಿ ನುಂಗುತ್ತವೆ. ಹೊರಗೆ ಮೇಯುವಾಗ ಸಣ್ಣ ಕಲ್ಲನ್ನು ತಾವೇ ಹೆಕ್ಕಿಕೊಳ್ಳುತ್ತವೆ. ಸಿಮೆಂಟ್ ಅಂಗಳದಲ್ಲಿ ಅಥವಾ ಬಲೆಯೊಳಗೆ ಕೂಡಿಹಾಕಿದವಕ್ಕೆ ಮೂರು ನಾಲ್ಕು ಮಿಲಿಮೀಟರ್ ಕಲ್ಲಿನ ಚೂರನ್ನು ಒಂದು ಬಟ್ಟಲಿನಲ್ಲಿಡಿ. ಪಕ್ಕದಲ್ಲೇ ಬೇರೆ ಬಟ್ಟಲಿನಲ್ಲಿ ಸುಣ್ಣದ ಗ್ರಿಟ್ ಇಡಿ. ಎರಡನ್ನೂ ಬೆರೆಸಬೇಡಿ, ಕೋಳಿ ತನಗೆ ಬೇಕಾದ್ದನ್ನು ತಾನೇ ಆರಿಸಿಕೊಳ್ಳುತ್ತದೆ. ಹುಂಜ ಮತ್ತು ಮರಿಗಳು ಜೊತೆಗಿದ್ದರೆ ಫೀಡಿನಲ್ಲೇ ಸುಣ್ಣ ಏರಿಸುವುದಕ್ಕಿಂತ ಹೀಗೆ ಬಟ್ಟಲಿನಲ್ಲಿಡುವುದೇ ಸರಿಯಾದ ದಾರಿ.

ಮನೆಯ ಮೊಟ್ಟೆ ಸಿಪ್ಪೆಯನ್ನೂ ಕೊಡಬಹುದು. ತೊಳೆದು, ಬಾಣಲೆಯಲ್ಲಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಹುರಿದು, ದಪ್ಪ ರವೆಯ ಹಾಗೆ ಕುಟ್ಟಿ. ಮೊಟ್ಟೆಯ ಆಕಾರ ಗುರುತು ಸಿಗುವಷ್ಟು ದೊಡ್ಡ ಚೂರು ಹಾಕಿದರೆ ಮೊಟ್ಟೆ ಕುಕ್ಕಿ ತಿನ್ನುವ ಚಟ ಹತ್ತಬಹುದು.

ಫೀಡಿನಿಂದ ಸರಿಹೋಗದ್ದು

ಸಿಪ್ಪೆಯ ಮೇಲೆ ಬಿಳಿ ಸುಣ್ಣದ ಹರಳು, ಗುಳ್ಳೆಯಂಥ ಒರಟು ಕಂಡರೆ ಕ್ಯಾಲ್ಸಿಯಂ ಅತಿಯಾಗಿರಬಹುದು, ಸಂಜೆಯ ಗ್ರಿಟ್ ಅರ್ಧ ಮಾಡಿ ಎರಡು ವಾರ ನೋಡಿ. ಸಿಪ್ಪೆ ಸುಕ್ಕುಗಟ್ಟಿ ಏರಿಳಿತದ ಗೆರೆಯಂತಾಗಿ, ಒಡೆದಾಗ ಬಿಳಿಭಾಗ ನೀರಿನಂತೆ ಹರಿದರೆ ಅದು ಐಬಿ ಅನ್ನುವ ಉಸಿರಾಟದ ವೈರಸ್ ರೋಗದ ಲಕ್ಷಣ. ಚೆನ್ನಾಗಿದ್ದ ಹಿಂಡಿನಲ್ಲಿ ಕೆಲವೇ ದಿನಗಳಲ್ಲಿ ತೊಗಲುಮೊಟ್ಟೆ ಹೆಚ್ಚಿ, ಸಂಖ್ಯೆಯೂ ಬಿದ್ದರೆ ಇಡಿಎಸ್ ಅನ್ನುವ ವೈರಸ್ ರೋಗದ ಅನುಮಾನ ಬರಬೇಕು. ಇವೆರಡಕ್ಕೂ ಪಶುವೈದ್ಯರನ್ನು ಕರೆಸಿ ರಕ್ತ ಪರೀಕ್ಷೆ ಮಾಡಿಸಿ, ಮುಂದಿನ ಬ್ಯಾಚಿಗೆ ಲಸಿಕೆಯ ಪಟ್ಟಿ ಸರಿಮಾಡಿಕೊಳ್ಳಿ. ಇನ್ನು ಸಿಪ್ಪೆಯ ಪಾಲು ಶೇ. 9.5 ಇದ್ದೂ ಒಡಕು ಹೆಚ್ಚಿದ್ದರೆ ತಪ್ಪು ಕೋಳಿಯದಲ್ಲ. ಕೇಜಿನ ತಂತಿ ಜೋತಿದೆಯೇ, ಇಳಿಜಾರು ಹೆಚ್ಚಾಗಿದೆಯೇ, ಮೊಟ್ಟೆ ಮೊಟ್ಟೆಗೆ ಬಡಿಯುವಷ್ಟು ತಡವಾಗಿ ಆರಿಸುತ್ತಿದ್ದೀರಾ ನೋಡಿ. ದಿನಕ್ಕೆ ಒಂದು ಸಲ ಆರಿಸುವವರು ಎರಡು ಸಲ ಮಾಡಿದರೆ ಅಲ್ಲೇ ಅರ್ಧ ಒಡಕು ತಗ್ಗುವುದುಂಟು.

ನಮ್ಮ ಶೆಡ್ಡಿನಲ್ಲಿ ಪುಡಿ ಇಳಿಸಿ, ಮೂರರಲ್ಲಿ ಎರಡು ಪಾಲು ಕಾಳಿಗೆ ಬದಲಿಸಿ, ಸಂಜೆಯ ಗ್ರಿಟ್ ಮತ್ತು ಸೋಡಾ ಶುರುಮಾಡಿದ ಮೊದಲ ನಾಲ್ಕೈದು ದಿನ ಏನೂ ಬದಲಾವಣೆ ಕಾಣಲಿಲ್ಲ. ಮೂಳೆಯ ದಾಸ್ತಾನು ಮೊದಲು ತುಂಬಬೇಕು. ಎಂಟನೆಯ ದಿನ ತೊಗಲುಮೊಟ್ಟೆ ನಿಂತಿತು. ಮೂರನೆಯ ವಾರದ ಟ್ರೇಯಲ್ಲಿ ಸಿಪ್ಪೆಯ ಪಾಲು 9.1ಕ್ಕೆ ಬಂತು, ಒಡಕು ದಿನಕ್ಕೆ 12ಕ್ಕೆ ಇಳಿಯಿತು. 58 ವಾರ ದಾಟಿದ ಹಿಂಡಿನಲ್ಲಿ ಅದು ಮತ್ತೆ ಏಳೆಂಟಕ್ಕೆ ಬರಲಿಲ್ಲ. ಈಗಿನ ಬ್ಯಾಚಿಗೆ 45ನೇ ವಾರದಿಂದಲೇ ಸಂಜೆ ಐದಕ್ಕೆ ಗ್ರಿಟ್ ಮಗ್ಗು ಹಿಡಿದು ಶೆಡ್ಡಿಗೆ ಹೋಗುತ್ತಿದ್ದೇನೆ.